ಕುರುಡರು ಆನೆ ಮುಟ್ಟಿದ ಕಥೆ: ಬುದ್ಧನದ್ದೋ, ಜೈನರದ್ದೋ?

ಅರಸೀಕೆರೆ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಕ್ಕಳಿಗೆ ಹತ್ತು ನಿಮಿಷದ ನಾಟಕ ಬರೆಯಬೇಕಾಗಿದೆ, ಕುರುಡರು ಆನೆ ಮುಟ್ಟಿದ ಕಥೆ ಆರಿಸಿಕೊಂಡೆ. ಒಂದು ಪುಸ್ತಕದಲ್ಲಿ ಇದು ಬುದ್ಧ ಹೇಳಿದ ಕಥೆ ಎಂದಿದೆ. ಇನ್ನೊಂದರಲ್ಲಿ, ವಸ್ತುವಿಗೆ ಹಲವು ಮುಖಗಳಿವೆ ಎನ್ನುವ ಜೈನರ ಅನೇಕಾಂತವಾದದ ಕಥೆ ಎಂದಿದೆ. ಎರಡರಲ್ಲೂ ಕೊನೆಗೆ ಒಬ್ಬ ಜಾಣ ಬಂದು "ನೀವೆಲ್ಲ ಹೇಳಿದ್ದೂ ಸರಿ, ಜಗಳ ಬಿಡಿ" ಎನ್ನುತ್ತಾನೆ. ಹಳೆಯ ಗ್ರಂಥಗಳಲ್ಲಿ ನಿಜಕ್ಕೂ ಹೀಗೇ ಇದೆಯಾ? ತಿಳಿದವರು ಹೇಳಿ.

ತುಂಗೆ_ದಂಡೆ

ಇದರಲ್ಲಿ ಅನುಮಾನ ಯಾಕೆ ಮೇಷ್ಟ್ರೇ? ಇದು ಜೈನರದ್ದೇ. ಒಂದು ಕಡೆಯಿಂದ ನೋಡಿದರೆ ಹೀಗೆ ಎನ್ನುವ ಅವರ ಸ್ಯಾದ್ವಾದ ಅಂದರೇ ಇದು. ಆರು ಜನ ಕುರುಡರು. ಒಬ್ಬನಿಗೆ ಗೋಡೆ, ಒಬ್ಬನಿಗೆ ಈಟಿ, ಒಬ್ಬನಿಗೆ ಹಾವು, ಒಬ್ಬನಿಗೆ ಮರ, ಬೀಸಣಿಗೆ, ಹಗ್ಗ. ಎಲ್ಲರೂ ಹೇಳಿದ್ದು ಅರ್ಧ ಸತ್ಯ, ಎಲ್ಲ ಸೇರಿಸಿದರೆ ಪೂರ್ತಿ ಸತ್ಯ. ಯಾರನ್ನೂ ತಪ್ಪು ಅನ್ನಬೇಡಿ ಅಂತ ಜೈನರು ಹೇಳಿದರು, ಬೌದ್ಧರು ಆಮೇಲೆ ತಗೊಂಡರು. ಅಷ್ಟೇ.

ಪಾಲಿ_ಓದುಗಿ

ಆ ಪಟ್ಟಿ ನೋಡಿದ ಕೂಡಲೇ ಎಲ್ಲಿಂದ ಬಂತು ಅಂತ ಹೇಳಬಹುದು. ಗೋಡೆ, ಈಟಿ, ಹಾವು, ಮರ, ಬೀಸಣಿಗೆ, ಹಗ್ಗ, ಜೊತೆಗೆ ಆರೇ ಜನ. ಇದು 19ನೇ ಶತಮಾನದ ಅಮೆರಿಕದ ಕವಿ ಜಾನ್ ಗಾಡ್‌ಫ್ರೆ ಸ್ಯಾಕ್ಸ್ ಬರೆದ ಪದ್ಯದ ಪಟ್ಟಿ. ನಮ್ಮ ಶಾಲಾ ಪುಸ್ತಕಗಳಿಗೆ ಬಂದಿರುವ ಕಥೆ ಬಹುಪಾಲು ಅದರ ವಂಶದ್ದು, ಮೇಲೆ ಬುದ್ಧ ಅಂತಲೋ ಮಹಾವೀರ ಅಂತಲೋ ಹೆಸರು ಅಂಟಿಸಿರುತ್ತಾರೆ.

ಪಾಲಿಯಲ್ಲಿ ಇದು ಉದಾನ ಎಂಬ ಗ್ರಂಥದ ಆರನೆಯ ವರ್ಗದ ನಾಲ್ಕನೆಯ ಸುತ್ತ, ಅಂದರೆ ಬುದ್ಧನ ಉಪದೇಶದ ಒಂದು ಪಾಠ. ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬುದ್ಧ ಶ್ರಾವಸ್ತಿಯ ಜೇತವನದಲ್ಲಿದ್ದಾನೆ. ಊರಿನಲ್ಲಿ ಬೇರೆ ಬೇರೆ ಪಂಥದ ಸನ್ಯಾಸಿಗಳು, ಬ್ರಾಹ್ಮಣರು ತುಂಬಿದ್ದಾರೆ. ಲೋಕ ಶಾಶ್ವತ ಅಂತ ಒಬ್ಬ, ಅಲ್ಲ ಅಂತ ಇನ್ನೊಬ್ಬ. ಲೋಕಕ್ಕೆ ಕೊನೆ ಇದೆ, ಇಲ್ಲ. ಜೀವ ಶರೀರ ಎರಡೂ ಒಂದೇ, ಬೇರೆ ಬೇರೆ. ಸತ್ತ ಮೇಲೆ ತಥಾಗತ, ಅಂದರೆ ಬುದ್ಧನಾದವನು, ಇರುತ್ತಾನೆ, ಇರುವುದಿಲ್ಲ. ಹೀಗೆ ಹತ್ತು ವಾದ. "ಧರ್ಮ ಅಂದರೆ ಇದು, ಅದಲ್ಲ" ಎಂದು ಬಾಯಿಯನ್ನೇ ಈಟಿ ಮಾಡಿಕೊಂಡು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಭಿಕ್ಷೆಗೆ ಹೋದ ಭಿಕ್ಷುಗಳು ಇದನ್ನು ಕೇಳಿ ಬಂದು ಬುದ್ಧನಿಗೆ ಹೇಳುತ್ತಾರೆ.

ಆಗ ಬುದ್ಧ ಹೇಳುವುದು: ಹಿಂದೆ ಇದೇ ಶ್ರಾವಸ್ತಿಯಲ್ಲಿ ಒಬ್ಬ ರಾಜನಿದ್ದ. ಊರಿನಲ್ಲಿರುವ ಹುಟ್ಟುಕುರುಡರನ್ನೆಲ್ಲ ಒಂದು ಕಡೆ ಸೇರಿಸು ಎಂದು ಸೇವಕನಿಗೆ ಅಪ್ಪಣೆ ಮಾಡಿದ. ಆರು ಜನ ಅಲ್ಲ, ಊರಿನವರೆಲ್ಲ. ಸೇವಕ ಕೆಲವರಿಗೆ ಆನೆಯ ತಲೆ ಮುಟ್ಟಿಸಿ "ಆನೆ ಅಂದರೆ ಹೀಗೆ" ಎಂದ. ಕೆಲವರಿಗೆ ಕಿವಿ, ಕೆಲವರಿಗೆ ದಂತ. ಹೀಗೆ ಒಂಬತ್ತು ಗುಂಪು. ಪ್ರತಿ ಗುಂಪಿಗೂ ಅದೇ ಮಾತು. ಆಮೇಲೆ ರಾಜ ಬಂದು ಕೇಳಿದ. ತಲೆ ಮುಟ್ಟಿದವರು ಕೊಡದ ಹಾಗೆ ಎಂದರು. ಕಿವಿ ಮುಟ್ಟಿದವರು ಮೊರ. ದಂತ ನೇಗಿಲ ಗುಳ, ಸೊಂಡಿಲು ನೇಗಿಲ ಈಸು, ಮೈ ಕಣಜ, ಕಾಲು ಕಂಬ, ಬೆನ್ನು ಒರಳು, ಬಾಲ ಒನಕೆ, ಬಾಲದ ತುದಿಯ ಕೂದಲು ಪೊರಕೆ. ಎಲ್ಲ ರೈತರ ಮನೆಯ ಸಾಮಾನು, ಗಮನಿಸಿ. ಈಟಿಯೂ ಇಲ್ಲ, ಹಾವೂ ಇಲ್ಲ. ಆಮೇಲೆ "ಆನೆ ಹೀಗೆ, ಹಾಗಲ್ಲ" ಎಂದು ಮುಷ್ಟಿ ಕಟ್ಟಿ ಗುದ್ದಾಡಿದರು. ರಾಜನಿಗೆ ಖುಷಿಯಾಯಿತು.

ಕಥೆ ಅಲ್ಲಿಗೆ ಮುಗಿಯುತ್ತದೆ. ಜಾಣ ಬರುವುದಿಲ್ಲ. ನೀವೆಲ್ಲ ಸರಿ ಅಂತ ಯಾರೂ ಹೇಳುವುದಿಲ್ಲ. ಒಂಬತ್ತು ಉತ್ತರ ಸೇರಿಸಿ ಆನೆ ಕಟ್ಟುವ ಪ್ರಯತ್ನವೂ ಇಲ್ಲ. ಆ ಪಂಥದವರು ಕಣ್ಣಿಲ್ಲದವರು, ಯಾವುದು ಹಿತ ಯಾವುದು ಅಹಿತ ಅವರಿಗೆ ತಿಳಿಯದು, ಅದಕ್ಕೇ ಜಗಳ ಎಂದು ಬುದ್ಧ ನೇರವಾಗಿಯೇ ಹೇಳುತ್ತಾನೆ. ಒಂದು ಅಂಗ ಮಾತ್ರ ಕಂಡವರು ಅದಕ್ಕೇ ಅಂಟಿಕೊಂಡು ಕಚ್ಚಾಡುತ್ತಾರೆ ಎಂಬ ಗಾಥೆಯೊಂದಿಗೆ ಸುತ್ತ ಮುಗಿಯುತ್ತದೆ. ಸಾಕಷ್ಟು ಖಾರವಾದ ಕಥೆ ಇದು.

ಗಡಿಬಿಡಿ_ಗಣಪ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಮೀಟಿಂಗ್ ಇದೇ ಸ್ವಾಮಿ. ಕೆಳಗಿನ ಮನೆಯವರಿಗೆ ನೀರು ಜಾಸ್ತಿ, ಮೇಲಿನವರಿಗೆ ಹನಿ ಇಲ್ಲ, ಎಲ್ಲರೂ ತಮ್ಮ ನಲ್ಲಿ ನೋಡಿ ಮಾತಾಡುತ್ತಾರೆ. ಟ್ಯಾಂಕ್ ಹತ್ತಿ ನೋಡಿದವರು ಯಾರೂ ಇಲ್ಲ. ಇದಕ್ಕೆ ಬುದ್ಧ ಏನು ಪರಿಹಾರ ಹೇಳಿದ್ದಾನೆ?

ಪಾಲಿ_ಓದುಗಿ

ಪ್ಲಂಬರ್ ಕರೆಯಿರಿ ಗಣಪಣ್ಣ. ಆದರೆ ನಿಮ್ಮ ಉದಾಹರಣೆಯಿಂದ ಒಂದು ವಿಷಯ ಹೇಳಬಹುದು. ನಿಮ್ಮ ಟ್ಯಾಂಕಿಗೆ ಹತ್ತಿ ನೋಡಬಹುದು, ನೋಡಿದರೆ ಉಪಯೋಗವೂ ಇದೆ. ಆ ಹತ್ತು ಪ್ರಶ್ನೆಗಳನ್ನು ಬುದ್ಧ ಹಾಗೆ ನೋಡುವುದಿಲ್ಲ. ಬೇರೆ ಸುತ್ತಗಳಲ್ಲಿ ಇವೇ ಪ್ರಶ್ನೆಗಳನ್ನು ನೇರವಾಗಿ ಕೇಳಿದರೆ ಉತ್ತರ ಕೊಡದೆ ಬದಿಗಿಡುತ್ತಾನೆ. ಇವುಗಳಿಂದ ದುಃಖ ಕಳೆಯುವುದಿಲ್ಲ ಎನ್ನುತ್ತಾನೆ. ಹಾಗಾಗಿ ಉದಾನದ ಕಥೆಯಲ್ಲಿ ಹತ್ತು ವಾದಗಳನ್ನು ಒಟ್ಟು ಮಾಡಿದರೆ ಸತ್ಯ ಸಿಗುತ್ತದೆ ಎಂಬ ಆಸೆಗೆ ಜಾಗವೇ ಇಲ್ಲ.

ಕಿವಿಯಲ್ಲಿ_ಓದುವವ

ನಾನು ಹುಟ್ಟಿನಿಂದ ದೃಷ್ಟಿ ಇಲ್ಲದವನು. ಸ್ಕ್ರೀನ್ ರೀಡರ್ ಇಟ್ಟುಕೊಂಡು ಈ ಚರ್ಚೆ ಕೇಳುತ್ತಿದ್ದೇನೆ. ಈ ಕಥೆ ಯಾರು ಹೇಳಿದರೂ ನನಗೆ ಕಿರಿಕಿರಿ. ದೊಡ್ಡ ವಸ್ತು ಸಿಕ್ಕರೆ ನಾವು ಒಂದು ಕಡೆ ಕೈಯಿಟ್ಟು ನಿಂತುಬಿಡುವುದಿಲ್ಲ. ಸುತ್ತ ಹೋಗುತ್ತೇವೆ, ಮೇಲೆ ಕೆಳಗೆ ಕೈಯಾಡಿಸುತ್ತೇವೆ, ಪಕ್ಕದವರನ್ನು ಕೇಳುತ್ತೇವೆ.

ಆದರೆ ಪಾಲಿ ಮೇಡಂ ಹೇಳಿದ ರೂಪದಲ್ಲಿ ಒಂದು ವಿಷಯ ಹೊಸದಾಗಿ ಕೇಳಿಸಿತು. ಅಲ್ಲಿ ಅವರಾಗಿ ಹೋಗಿ ಮುಟ್ಟಲಿಲ್ಲ. ಸೇವಕನೇ ಒಂದು ಅಂಗ ಮುಟ್ಟಿಸಿ, "ಆನೆ ಅಂದರೆ ಹೀಗೆ" ಅಂತ ಹೇಳಿದ. ಕಣ್ಣಿದ್ದವನು ಹೇಳಿದ್ದನ್ನು ಅವರು ನಂಬಿದರು. ಹಾಗಾದರೆ ತಪ್ಪು ಯಾರದು? ಅವರದೋ, ತೋರಿಸಿದವನದೋ?

ಪಾಲಿ_ಓದುಗಿ

ಸರ್, ಒಳ್ಳೆಯ ಪ್ರಶ್ನೆ. ಸುತ್ತ ಸೇವಕನನ್ನು ದೂರುವುದಿಲ್ಲ, ರಾಜನನ್ನೂ ದೂರುವುದಿಲ್ಲ. ರಾಜ ಮಜಾ ತೆಗೆದುಕೊಂಡ ಎಂದು ಹೇಳಿ ಸುಮ್ಮನಾಗುತ್ತದೆ. ಆದರೆ ನನ್ನ ಓದಿನಲ್ಲಿ ಆ ಸೇವಕ ಸುಮ್ನೆ ಬಂದವನಲ್ಲ. ಆ ಪಂಥಗಳವರೂ ತಮ್ಮ ವಾದವನ್ನು ಯಾವುದೋ ಗುರುವಿನಿಂದ ಕೇಳಿ ಹಿಡಿದವರೇ. ಮಜ್ಝಿಮ ನಿಕಾಯ ಎಂಬ ಪಾಲಿ ಗ್ರಂಥದ ಚಂಕಿ ಸುತ್ತದಲ್ಲಿ ಬುದ್ಧ ಇನ್ನೊಂದು ಚಿತ್ರ ಕೊಡುತ್ತಾನೆ. ಕುರುಡರ ಸಾಲು, ಒಬ್ಬರ ಹಿಂದೆ ಒಬ್ಬರು ಹಿಡಿದುಕೊಂಡು ಹೋಗುತ್ತಿದ್ದಾರೆ, ಮುಂದಿನವನಿಗೂ ಕಾಣುವುದಿಲ್ಲ, ಮಧ್ಯದವನಿಗೂ ಇಲ್ಲ, ಹಿಂದಿನವನಿಗೂ ಇಲ್ಲ. ಅದು ಪರಂಪರೆಯನ್ನು ಕಣ್ಣುಮುಚ್ಚಿ ನಂಬುವವರ ಮೇಲಿನ ಟೀಕೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನಿಮ್ಮ ಪ್ರಶ್ನೆಗೆ ಬಲ ಬರುತ್ತದೆ.

ತುಂಗೆ_ದಂಡೆ

ಸರಿ, ಪಾಲಿಯಲ್ಲಿ ಇದೆ ಅಂತ ಒಪ್ಪೋಣ. ಆದರೂ ಜೈನರ ಕಥೆಯಲ್ಲಿ ಎಲ್ಲರೂ ಸರಿ ಅಂತಲೇ ಅಲ್ವಾ ಇರುವುದು? ಅನೇಕಾಂತ ಅಂದರೆ ಸಹಿಷ್ಣುತೆ. ಅದರಲ್ಲಿ ತಪ್ಪು ಹುಡುಕಬೇಡಿ.

ಬಸದಿ_ಬೀದಿ

ನಮ್ಮ ಮನೆಯಲ್ಲೂ ಹಾಗೇ ಹೇಳಿಕೊಟ್ಟಿದ್ದರು. ಆದರೆ ಹಳೆಯ ಜೈನ ಆಚಾರ್ಯರು ಆನೆಯನ್ನು ಹೇಗೆ ಬಳಸಿದ್ದಾರೆ ಎಂದು ನೋಡಿದರೆ ಚಿತ್ರ ಬೇರೆಯೇ.

10ನೇ ಶತಮಾನದ ಸುಮಾರಿಗೆ ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯ ಬರೆದರು. ಅದರ ಎರಡನೆಯ ಶ್ಲೋಕದಲ್ಲೇ ಆನೆ ಬರುತ್ತದೆ. ಅಲ್ಲಿ ಅವರು ಅನೇಕಾಂತಕ್ಕೆ ನಮಸ್ಕಾರ ಮಾಡುತ್ತಾರೆ. ಎಂಥ ಅನೇಕಾಂತ? ಹುಟ್ಟುಕುರುಡರು ಆನೆಯ ಬಗ್ಗೆ ಹೇಳುವ ಮಾತನ್ನು ತಳ್ಳಿಹಾಕುವಂಥದ್ದು, ಎಲ್ಲ ನಯಗಳ, ಅಂದರೆ ಒಂದೊಂದು ಕಡೆಯಿಂದ ನೋಡುವ ನೋಟಗಳ, ನಡುವಿನ ವಿರೋಧವನ್ನು ಕಡೆದು ಹಾಕುವಂಥದ್ದು. ಅಂದರೆ ಕುರುಡರು ಅನೇಕಾಂತದ ಉದಾಹರಣೆ ಅಲ್ಲ. ಅವರು ಏಕಾಂತದ, ಅಂದರೆ ಒಂದೇ ಮುಖಕ್ಕೆ ಅಂಟಿಕೊಳ್ಳುವುದರ ಉದಾಹರಣೆ. ಅನೇಕಾಂತ ಕಣ್ಣಿದ್ದವನ ನೋಟ.

ಗುಜರಾತಿನ ಹೇಮಚಂದ್ರರು ಪರಮತಗಳನ್ನು ಖಂಡಿಸಿ 32 ಶ್ಲೋಕ ಬರೆದಿದ್ದರು. 1292ರ ಸುಮಾರಿಗೆ ಮಲ್ಲಿಷೇಣ ಸೂರಿಗಳು ಅದಕ್ಕೆ ಸ್ಯಾದ್ವಾದಮಂಜರಿ ಎಂಬ ಟೀಕೆ ಬರೆದರು. ಅಲ್ಲೂ ಆನೆ ಬರುತ್ತದೆ. ವಸ್ತುವಿನ ಒಂದು ಮುಖ ಹಿಡಿದುಕೊಂಡು ಉಳಿದ ಮುಖಗಳನ್ನು ಇಲ್ಲ ಎನ್ನುವವರು ಮೋಹಕ್ಕೆ ಸಿಕ್ಕವರು, ಅದು ಕುರುಡರ ಆನೆಯ ನ್ಯಾಯ ಎನ್ನುತ್ತಾರೆ. ಕಥೆ ಇಲ್ಲಿ ಗಾದೆಯಷ್ಟು ಚಿಕ್ಕದಾಗಿದೆ. ರಾಜ ಇಲ್ಲ, ಸೇವಕ ಇಲ್ಲ, ಗುದ್ದಾಟವೂ ಇಲ್ಲ. ಕೇಳುವವರಿಗೆ ಕಥೆ ಮೊದಲೇ ಗೊತ್ತು ಎಂದುಕೊಂಡೇ ಬರೆದಿದ್ದಾರೆ.

ಹಾಗಾದರೆ ಬುದ್ಧನಿಗಿಂತ ಏನು ಬೇರೆ? ಅದನ್ನು ಹೇಳಲು ಆನೆ ಬಿಟ್ಟು ಆ ಹತ್ತು ಪ್ರಶ್ನೆಗಳಿಗೇ ಹೋಗಬೇಕು. ಜೈನರ ಹಳೆಯ ಆಗಮವಾದ ಭಗವತೀ ಸೂತ್ರದಲ್ಲಿ ಸ್ಕಂದಕ ಎಂಬ ಅಲೆಮಾರಿ ಸನ್ಯಾಸಿ ಬರುತ್ತಾನೆ. ಲೋಕಕ್ಕೆ ಕೊನೆ ಇದೆಯೋ ಇಲ್ಲವೋ ಎಂದು ಪಿಂಗಲ ಎಂಬವನು ಕೇಳಿದಾಗ ಉತ್ತರ ಹೊಳೆಯದೆ ಮಹಾವೀರರ ಹತ್ತಿರ ಬಂದಿರುತ್ತಾನೆ. ಶ್ರಾವಸ್ತಿಯಲ್ಲಿ ಜಗಳವಾಗುತ್ತಿದ್ದ ಅದೇ ಪ್ರಶ್ನೆ. ಮಹಾವೀರರು ಬದಿಗಿಡುವುದಿಲ್ಲ. ದ್ರವ್ಯದಿಂದ ನೋಡಿದರೆ ಲೋಕ ಒಂದು, ಅದಕ್ಕೆ ಕೊನೆ ಇದೆ. ಕ್ಷೇತ್ರದಿಂದ ಅಂದರೆ ಎಷ್ಟು ಜಾಗ ಎಂದು ನೋಡಿದರೂ ಕೊನೆ ಇದೆ. ಕಾಲದಿಂದ ನೋಡಿದರೆ ಕೊನೆ ಇಲ್ಲ, ಅದು ಇಲ್ಲದೇ ಇದ್ದ ಕಾಲ ಇಲ್ಲ, ಇಲ್ಲದೇ ಹೋಗುವ ಕಾಲವೂ ಇಲ್ಲ. ಬಣ್ಣ, ವಾಸನೆ, ರುಚಿಯಂಥ ಭಾವಗಳಿಂದ ನೋಡಿದರೂ ಕೊನೆ ಇಲ್ಲ.

ಅದೇ ಗ್ರಂಥದಲ್ಲಿ ಜಮಾಲಿಯ ಪ್ರಸಂಗದಲ್ಲಿ ಲೋಕ ಶಾಶ್ವತವೋ ಎಂಬ ಪ್ರಶ್ನೆ ಇದೆ. ಎಂದೂ ಇಲ್ಲದೇ ಇರಲಿಲ್ಲ, ಹಾಗಾಗಿ ಶಾಶ್ವತ. ಕಾಲಚಕ್ರ ಇಳಿಯುತ್ತದೆ, ಮತ್ತೆ ಏರುತ್ತದೆ, ಹಾಗಾಗಿ ಅಶಾಶ್ವತ. ಎರಡೂ ಉತ್ತರ ನಿಜ, ಆದರೆ ಯಾವ ಕಡೆಯಿಂದ ಎಂದು ಹೇಳಿದರೆ ಮಾತ್ರ.

ಈ ಎರಡು ಪ್ರಸಂಗಗಳಲ್ಲೂ ಆನೆ ಇಲ್ಲ, ಕುರುಡರೂ ಇಲ್ಲ. ಆದರೆ ಜೈನರ ಕೈಯಲ್ಲಿ ಆನೆಯ ಕಥೆಗೆ ಬೇರೆ ಅರ್ಥ ಬಂದದ್ದು ಇಂಥ ಉತ್ತರ ಕೊಡುವ ಅಭ್ಯಾಸದಿಂದ. ಬುದ್ಧನಿಗೆ ಕುರುಡರ ತೊಂದರೆ ಪ್ರಶ್ನೆ ಹಿಡಿದು ಜಗ್ಗಾಡಿದ್ದು. ಜೈನರಿಗೆ ಅವರ ತೊಂದರೆ "ಕಿವಿಯ ಕಡೆಯಿಂದ" ಎಂಬ ಮಾತು ಸೇರಿಸದೇ ಇದ್ದದ್ದು. ಕಿವಿಯ ಮಟ್ಟಿಗೆ ಆನೆ ಮೊರದಂತೆ ಎಂದರೆ ಜೈನರಿಗೆ ತಕರಾರಿಲ್ಲ. ಆನೆ ಮೊರವೇ ಎಂದರೆ ತಕರಾರಿದೆ.

ಅರಸೀಕೆರೆ_ಮೇಷ್ಟ್ರು

ಇಬ್ಬರಿಗೂ ಧನ್ಯವಾದ. ಒಂದು ಅನುಮಾನ. ಕೊಡ, ಮೊರ, ಗುಳ, ಒನಕೆ ಎಲ್ಲ ತಂದು ಒಂದು ರಾಶಿ ಹಾಕಿದರೆ ಆನೆ ಆಗುತ್ತದೆಯೇ? ಒಂಬತ್ತು ತಪ್ಪು ಸೇರಿಸಿದರೆ ಸರಿ ಹೇಗಾಗುತ್ತದೆ? ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದು ಇದು, ನನಗೆ ಉತ್ತರ ಹೊಳೆಯಲಿಲ್ಲ.

ಬಸದಿ_ಬೀದಿ

ಆ ಹುಡುಗಿ ಕೇಳಿದ ಪ್ರಶ್ನೆಯನ್ನೇ ಜೈನ ಆಚಾರ್ಯ ಸಮಂತಭದ್ರರು ಎತ್ತಿಕೊಂಡಿದ್ದಾರೆ. ಆಪ್ತಮೀಮಾಂಸೆಯ 108ನೇ ಕಾರಿಕೆ. ಎದುರಾಳಿಯ ಆಕ್ಷೇಪ ಇದು: ಸುಳ್ಳುಗಳ ಗುಂಪು ಸುಳ್ಳೇ ತಾನೆ? ಅವರ ಉತ್ತರ: ಒಂದನ್ನೊಂದು ಲೆಕ್ಕಿಸದ ನಯಗಳು ಸುಳ್ಳು, ನಿಜ. ಒಂದನ್ನೊಂದು ಅಪೇಕ್ಷಿಸುವ ನಯಗಳು ವಸ್ತುವನ್ನು ತೋರಿಸುತ್ತವೆ, ಕೆಲಸಕ್ಕೂ ಬರುತ್ತವೆ.

ಇನ್ನೊಬ್ಬ ಜೈನ ಆಚಾರ್ಯ ಸಿದ್ಧಸೇನರ ಸನ್ಮತಿ ಗ್ರಂಥದಲ್ಲಿ ಇದಕ್ಕೆ ಹಾರದ ಹೋಲಿಕೆ ಇದೆ. ಬೆಲೆಬಾಳುವ ರತ್ನಗಳು ಬಿಡಿಬಿಡಿಯಾಗಿ ಬಿದ್ದಿದ್ದರೆ ಅದನ್ನು ರತ್ನಹಾರ ಎನ್ನುವುದಿಲ್ಲ. ಜಾಗ ನೋಡಿ ಪೋಣಿಸಿದ ಮೇಲೆ ಹಾರ. ಆಮೇಲೆ ಬಿಡಿ ರತ್ನದ ಹೆಸರು ಹೋಗುತ್ತದೆ. ಇದನ್ನು ಆನೆಗೆ ಹಚ್ಚಿ ನೋಡಿ. ಮೊರ ಎಂದವನು ಮೊರ ಎಂದೇ ಹಟ ಹಿಡಿದರೆ ಸೇರಿಸಲು ಬರುವುದಿಲ್ಲ. ಕೊಡದಂಥದ್ದರ ಎಡಕ್ಕೊಂದು ಬಲಕ್ಕೊಂದು ಮೊರದಂಥದ್ದು ಇದೆ, ಕೊಡದ ಮುಂದೆ ಈಸಿನಂಥದ್ದು ಇಳಿಬಿದ್ದಿದೆ ಎಂದು ಇನ್ನೊಬ್ಬನ ಉತ್ತರಕ್ಕೆ ಜಾಗ ಬಿಟ್ಟು ಹೇಳಿದರೆ ಆಗ ಆನೆ ಕಾಣಿಸಲು ಶುರುವಾಗುತ್ತದೆ. ಹಾಗಾಗಿ ಒಂಬತ್ತು ತಪ್ಪುಗಳನ್ನು ಕೂಡಿಸುವುದಿಲ್ಲ. ಪ್ರತಿ ಉತ್ತರವನ್ನೂ ಮೊದಲು ತಿದ್ದಿ, ಆಮೇಲೆ ಕೂಡಿಸುವುದು.

ತುಂಗೆ ಅವರೇ, ಇದು "ಎಲ್ಲರೂ ಸರಿ" ಅಲ್ಲ. "ಯಾರೂ ಇದ್ದ ಹಾಗೆಯೇ ಸರಿ ಇಲ್ಲ" ಎಂದರೆ ಹತ್ತಿರ.

ತುಂಗೆ_ದಂಡೆ

ನೀವು ಶಾಸ್ತ್ರ ಹೇಳುತ್ತೀರಿ, ನಾನು ಭಾವನೆ ಹೇಳುತ್ತಿದ್ದೇನೆ. ಜೈನರು ಯಾರ ಜೊತೆಗೂ ವಾದಕ್ಕೆ ಇಳಿಯಲಿಲ್ಲ ಎಂಬುದಂತೂ ನಿಜ.

ಬಸದಿ_ಬೀದಿ

ಶ್ರವಣಬೆಳಗೊಳಕ್ಕೆ ಹೋದಾಗ ಪಾರ್ಶ್ವನಾಥ ಬಸದಿಯಲ್ಲಿರುವ 12ನೇ ಶತಮಾನದ ಶಾಸನ ಮಲ್ಲಿಷೇಣ ಪ್ರಶಸ್ತಿ ನೋಡಿ. (ಈ ಮಲ್ಲಿಷೇಣರು ಬೇರೆ, ಸ್ಯಾದ್ವಾದಮಂಜರಿಯವರು ಬೇರೆ. ಹೆಸರು ನೋಡಿ ಜನ ಗೊಂದಲ ಮಾಡಿಕೊಳ್ಳುತ್ತಾರೆ.) ಅದರಲ್ಲಿ ಸಮಂತಭದ್ರರು ಹೇಳುವ ಮಾತಿದೆ. ಮೊದಲು ಪಾಟಲಿಪುತ್ರದಲ್ಲಿ ವಾದದ ಭೇರಿ ಬಾರಿಸಿದೆ, ಆಮೇಲೆ ಮಾಳವ, ಸಿಂಧು, ಠಕ್ಕ, ಕಾಂಚಿ, ಈಗ ಕರಹಾಟಕಕ್ಕೆ ಬಂದಿದ್ದೇನೆ, ವಾದಕ್ಕಾಗಿ ಹುಲಿಯಂತೆ ತಿರುಗುತ್ತಿದ್ದೇನೆ ಎಂದು. ಅನೇಕಾಂತವನ್ನು ಕಟ್ಟಿದವರು ಇವರು. ಎಲ್ಲರ ಮಾತಿಗೂ ತಲೆಯಾಡಿಸುವವರು ಅಲ್ಲವೇ ಅಲ್ಲ.

ಅಹಿಂಸೆಯನ್ನು ಮಾತಿಗೂ ಹಚ್ಚಿ, ಅದೇ ಅನೇಕಾಂತ ಎಂದು ಹೇಳುವುದು ಹೆಚ್ಚಾಗಿ 20ನೇ ಶತಮಾನದ ಬರಹಗಳಲ್ಲಿ ಬಲವಾಯಿತು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಹಳೆಯದು ಅಂತ ಹೇಳಿದರೆ ಮಾತ್ರ ಒಪ್ಪುವುದಿಲ್ಲ.

ಕಿವಿಯಲ್ಲಿ_ಓದುವವ

ಬಸದಿ ಸರ್, ಕೊಡದ ಪಕ್ಕ ಮೊರ, ಮುಂದೆ ಈಸು ಅಂತ ಜೋಡಿಸಿದಿರಲ್ಲ, ವಸ್ತುವಿನ ಸುತ್ತಲೂ ಹೋಗಿ ನೋಡುತ್ತೇವೆ ಎಂದು ನಾನು ಹೇಳಿದ್ದು ಇದೇ. ಆದರೆ ನೀವು ಅದಕ್ಕೆ ಕಣ್ಣಿದ್ದವನ ನೋಟ ಎಂದು ಹೆಸರಿಟ್ಟಿರಿ. ಕೈಯಲ್ಲೇ ಆಗುವ ಕೆಲಸಕ್ಕೆ ಕಣ್ಣು ಯಾಕೆ ಬೇಕು?

ಬಸದಿ_ಬೀದಿ

ಸಿಕ್ಕಿಹಾಕಿಸಿದಿರಿ ಸರ್. ಜೈನ ಶಾಸ್ತ್ರದ ಉತ್ತರ ಹೀಗಿರುತ್ತದೆ: ವಸ್ತುವಿಗೆ ಅನಂತ ಧರ್ಮಗಳಿವೆ, ಸುತ್ತಿ ಸುತ್ತಿ ಮುಗಿಸಲು ಆಗುವುದಿಲ್ಲ, ಎಲ್ಲವನ್ನೂ ಒಮ್ಮೆಗೇ ಕಾಣುವವರು ಕೇವಲಜ್ಞಾನಿಗಳು ಮಾತ್ರ. ನಾವು ಉಳಿದವರು ನಯಗಳಲ್ಲಿ ಒಂದೊಂದಾಗಿ ಹೇಳಿಕೊಂಡು ಹೋಗುತ್ತೇವೆ. ಹಾಗೆ ನೋಡಿದರೆ ಕೇವಲಿಯನ್ನು ಬಿಟ್ಟು ನಾವೆಲ್ಲರೂ ನೀವು ಹೇಳಿದ ಹಾಗೆ ಕೈಯಾಡಿಸುವವರೇ. ಇದನ್ನು ಆಚಾರ್ಯರು ಒಪ್ಪುತ್ತಾರೋ ಇಲ್ಲವೋ, ನನಗಂತೂ ಒಪ್ಪಿಗೆ.

ಪಾಲಿ_ಓದುಗಿ

ಇಲ್ಲಿ ನಾನು ಮಧ್ಯೆ ಬರಬೇಕು. ಬೌದ್ಧರ ಕಡೆಯೂ ಕಥೆ ಒಂದೇ ರೀತಿ ನಿಲ್ಲಲಿಲ್ಲ. 3ನೇ ಶತಮಾನದಲ್ಲಿ ಚೀನೀ ಭಾಷೆಯಲ್ಲಿ ಬಂದ, ಬುದ್ಧನ ಹಿಂದಿನ ಜನ್ಮಗಳ ಕಥೆಗಳಾದ ಜಾತಕಗಳ ಒಂದು ಸಂಗ್ರಹದಲ್ಲಿ ರಾಜನಿಗೆ ಕನ್ನಡಿಮುಖ ಎಂಬ ಅರ್ಥದ ಹೆಸರಿದೆ, ಮತ್ತು ಆ ರಾಜ ಬುದ್ಧನದೇ ಹಿಂದಿನ ಜನ್ಮ. ಉದಾನದಲ್ಲಿ ರಾಜನಿಗೆ ಹೆಸರೇ ಇಲ್ಲ.

ಇನ್ನೂ ದೊಡ್ಡ ಬದಲಾವಣೆ ಮಹಾಯಾನದ ಮಹಾಪರಿನಿರ್ವಾಣ ಸೂತ್ರದ್ದು, 5ನೇ ಶತಮಾನದಲ್ಲಿ ಚೀನೀ ಭಾಷೆಗೆ ಹೋದದ್ದು. ಅಲ್ಲಿ ದಂತ ಮೂಲಂಗಿ, ಬಾಲ ಹಗ್ಗ. ಹಾಗಾಗಿ ಹಗ್ಗ ಒಂದನ್ನೇ ನೋಡಿ ಸ್ಯಾಕ್ಸ್ ಪದ್ಯ ಎನ್ನಲು ಬರುವುದಿಲ್ಲ, ಈಟಿ, ಹಾವು ಎಲ್ಲ ಜೊತೆಗಿರಬೇಕು. ಆ ಸೂತ್ರದಲ್ಲಿ ಆನೆ ಅಂದರೆ ಬುದ್ಧತ್ವ. ಕುರುಡರು ಆನೆಯನ್ನು ಪೂರ್ತಿ ಹೇಳಲಿಲ್ಲ, ಆದರೆ ಅವರು ಆನೆಯ ಬಗ್ಗೆ ಹೇಳಲೇ ಇಲ್ಲ ಎಂದೂ ಅಲ್ಲ, ಆ ಅಂಗಗಳನ್ನು ಬಿಟ್ಟು ಬೇರೆ ಆನೆ ಇಲ್ಲ ಎನ್ನುತ್ತದೆ. ಇದು ಜೈನರ ಮಾತಿಗೆ ಉದಾನಕ್ಕಿಂತ ಹತ್ತಿರ ಅಲ್ವಾ? ಬೌದ್ಧರದು ಹೀಗೆ, ಜೈನರದು ಹಾಗೆ ಎಂದು ಗೆರೆ ಎಳೆಯುವವರು ಈ ಸೂತ್ರವನ್ನು ಎಲ್ಲಿಡುತ್ತಾರೆ?

ಬಸದಿ_ಬೀದಿ

ಒಪ್ಪಿದೆ. ಆದರೆ ಉದಾನಕ್ಕೇ ಹಿಂದಿರುಗಿ ನನ್ನದೊಂದು ಪ್ರಶ್ನೆ. ಆ ಸನ್ಯಾಸಿಗಳು ಜಗಳವಾಡಿದ್ದು "ಧರ್ಮ ಹೀಗೆ, ಹಾಗಲ್ಲ" ಎಂದು. ಕುರುಡರು "ಆನೆ ಹೀಗೆ, ಹಾಗಲ್ಲ" ಎಂದು. ವಾಕ್ಯ ಒಂದೇ ಅಚ್ಚು. ಹಾಗಾದರೆ ಆನೆಯ ಜಾಗದಲ್ಲಿ ಧರ್ಮ ಇದೆ. ಅವರ ಕೈ ಧರ್ಮದ ಯಾವುದೋ ಒಂದು ಅಂಗಕ್ಕಾದರೂ ತಾಗಿದೆ ಎಂದ ಹಾಗಾಯಿತು. ಗಾಥೆಯೂ ಒಂದು ಅಂಗ ಕಂಡವರು ಎನ್ನುತ್ತದೆ, ಏನೂ ಕಾಣದವರು ಎನ್ನುವುದಿಲ್ಲ. ಬುದ್ಧ ಅಷ್ಟು ಖಾರವಾಗಿರಲಿಲ್ಲವೇನೋ.

ಪಾಲಿ_ಓದುಗಿ

ಅಲ್ಲೇ ನಮಗೆ ಭಿನ್ನಾಭಿಪ್ರಾಯ. ಕಥೆಗಿಂತ ಸ್ವಲ್ಪ ಮೊದಲೇ ಧರ್ಮ ಯಾವುದು ಅಧರ್ಮ ಯಾವುದು ಅವರಿಗೆ ತಿಳಿಯದು ಎಂದು ಬುದ್ಧ ಹೇಳಿಬಿಟ್ಟಿದ್ದಾನೆ. ಲೋಕ ಶಾಶ್ವತ ಎಂಬುದು ಅವನಿಗೆ ಧರ್ಮದ ಕಿವಿಯೂ ಅಲ್ಲ, ಬಾಲವೂ ಅಲ್ಲ. ಹೋಲಿಕೆಯನ್ನು ಎಲ್ಲ ಮೂಲೆಗೂ ಎಳೆದರೆ ಹರಿಯುತ್ತದೆ. ಆದರೆ ಗಾಥೆಯ ಮಟ್ಟಿಗೆ ನಿಮ್ಮ ಮಾತಿನಲ್ಲಿ ಬಲವಿದೆ, ತಳ್ಳಿಹಾಕಲಾರೆ.

ಅರಸೀಕೆರೆ_ಮೇಷ್ಟ್ರು

ನಾಟಕಕ್ಕೆ ಉದಾನದ ರೂಪವನ್ನೇ ತೆಗೆದುಕೊಳ್ಳುತ್ತೇನೆ. ಜಾಣನ ಪಾತ್ರ ಕಿತ್ತು ಹಾಕಿದೆ, ಸೇವಕನಿಗೆ ಮಾತು ಜಾಸ್ತಿ ಕೊಟ್ಟಿದ್ದೇನೆ. ಆ ಹುಡುಗಿಗೆ ಸಮಂತಭದ್ರರ ಉತ್ತರ ಹೇಳಿದೆ. "ಹಾಗಾದರೆ ಯಾವ ಮೊರ ಎಲ್ಲಿ ಸೇರಿಸಬೇಕು ಅಂತ ಯಾರು ಹೇಳುತ್ತಾರೆ ಸಾರ್, ಆನೆ ನೋಡಿದವರು ತಾನೆ?" ಎಂದಳು. ಬಸದಿಯವರೇ, ಇದಕ್ಕೇನು ಹೇಳಲಿ?

ಗಡಿಬಿಡಿ_ಗಣಪ

ಪ್ಲಂಬರ್ ಬಂದಿದ್ದ. ಮೇಲಿನ ಪೈಪಿನಲ್ಲಿ ಗಾಳಿ ಸೇರಿಕೊಂಡಿತ್ತಂತೆ. ಕೆಳಗಿನ ಮನೆಯವರು ಈಗಲೂ ನಂಬುತ್ತಿಲ್ಲ.